ಡ್ಯೂಟಿ ಪಟ್ಟಿ ಬಗ್ಗೆ ಪತ್ರ ಬರೆಯುವ ಸಿಸ್ಟರ್‌ಗೆ

ಉಬ್ರಾಣಿ ಕಡೆಯಿಂದ ಚನ್ನಗಿರಿ, ದಾವಣಗೆರೆ ಆಸ್ಪತ್ರೆಗಳಿಗೆ ಬಸ್ಸಿನಲ್ಲಿ ಓಡಾಡುವ ಸಿಸ್ಟರ್‌ಗಳೇ, ಪತ್ರದಲ್ಲಿ 'ಕೆಲಸದ ಒತ್ತಡ ಜಾಸ್ತಿ' ಎಂದಷ್ಟೇ ಬರೆದರೆ ಅದು ಗೊಣಗಾಟವಾಗಿ ಕಾಣುತ್ತದೆ. ಪಟ್ಟಿಯನ್ನೇ ಮಾತಾಡಲು ಬಿಡಿ.

ರಾತ್ರಿ 8ಕ್ಕೆ ಬಂದವರು ಬೆಳಿಗ್ಗೆ 8ಕ್ಕೆ ಬಿಡುತ್ತಾರೆ, ಅದೇ ಮಧ್ಯಾಹ್ನ 2ಕ್ಕೆ ಮತ್ತೆ ಹಾಜರಿ ಎಂದಿಟ್ಟುಕೊಳ್ಳಿ. ನಡುವೆ ಸಿಗುವುದು 6 ಗಂಟೆ. ಬಸ್ಸು, ಸ್ನಾನ, ಅಡುಗೆ ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ಅಂಥ ಕಣ್ಣಲ್ಲೇ ಇನ್ಸುಲಿನ್ ಯೂನಿಟ್ ಓದಬೇಕು. ಪಟ್ಟಿಯಲ್ಲಿ ಇಂಥ ಪಾಳಿಗಳಿರುವ ಸಾಲುಗಳಿಗೆ ಗುರುತು ಹಾಕಿ, ಅದರ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ. ಆ ದಿನಗಳಲ್ಲಿ ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆ ಬರೆಯಿರಿ, ಅವರ ಹೆಸರು ಬೇಡ. ಇನ್‌ಚಾರ್ಜ್ ಸಿಸ್ಟರನ್ನು ದೂರಬೇಡಿ. ಇರುವ ಕೈಗಳಲ್ಲೇ ಪಟ್ಟಿ ತುಂಬಿಸುವುದು ಪಾಪ ಅವರ ಪಾಡು.

'ಹೊಸಬರನ್ನು ನೇಮಿಸಿ' ಎಂಬ ಬೇಡಿಕೆಗೆ ಉತ್ತರ ತಡವಾಗುತ್ತದೆ. ಆದ್ದರಿಂದ ಮೊದಲು ಖರ್ಚಿಲ್ಲದ್ದನ್ನು ಕೇಳಿ: ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಸರಿಯಲಿ; ರಾತ್ರಿ ಪಾಳಿಗಳು ಮುಗಿದ ಮೇಲೆ ಪೂರ್ತಿ ಒಂದು ದಿನ ಬಿಡುವಿರಲಿ. ಒಂದೇ ವಾರ್ಡಿನಲ್ಲಿ ಒಂದು ತಿಂಗಳು ಪ್ರಯೋಗ ಮಾಡೋಣ ಎಂದರೆ ಆಡಳಿತಕ್ಕೆ ಒಪ್ಪುವುದೂ ಸುಲಭ. ರಜೆಯಲ್ಲಿರುವವರ ಬದಲಿಗೆ ಯಾರು ಎಂಬುದನ್ನೂ ನೀವೇ ಪಟ್ಟಿ ಮಾಡಿ ತೋರಿಸಿ; ಅದಿಲ್ಲದೆ ಉಳಿದದ್ದು ನಿಲ್ಲದು.

ಸಾಧ್ಯವಾದರೆ ನಾಲ್ಕೈದು ಮಂದಿ ಸಹಿ ಹಾಕಿ. ಪತ್ರವನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡೇ ಬನ್ನಿ.