ಹೊಸ ಗಿರಾಕಿಗೆ ಎಷ್ಟು ಸುರಿಯಬಹುದು?

ನೋಡಪ್ಪಾ, ವಾಟರ್ ಫಿಲ್ಟರ್ ಸರ್ವಿಸ್ ಅಂಗಡಿ ಇಟ್ಟು ಎರಡು ವರ್ಷ ಆಯ್ತು. ಫೋನಿನಲ್ಲಿ ಮಾತು ಶುರುವಾದರೆ ಸಾಕು, "ಚಿಕ್ಕಪ್ಪಾ, ಜಾಹೀರಾತು ಇನ್ನೂ ಜಾಸ್ತಿ ಕೊಡ್ಲಾ?" ಅಂತಲೇ ಕೇಳ್ತೀಯ. ಕೊಡಬೇಕೋ ಬಿಡಬೇಕೋ ಅನ್ನೋದನ್ನ ನಿನ್ನ ಲೆಕ್ಕದ ಪುಸ್ತಕವೇ ಹೇಳುತ್ತೆ. ಹೋದ ವಾರ ನೀನು ಕಳಿಸಿದ ಅಂಕಿಗಳನ್ನೇ ಹಿಡಿದು ಬರೀತೀನಿ.

ಒಬ್ಬ ಗಿರಾಕಿ ವರ್ಷದ ಕಾಂಟ್ರಾಕ್ಟಿಗೆ ನಿನಗೆ 3,000 ರೂಪಾಯಿ ಕೊಡ್ತಾನೆ. ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಮೆಂಬ್ರೇನಿನ ಪಾಲು, ಹುಡುಗನ ಕೂಲಿ, ಪೆಟ್ರೋಲು ಎಲ್ಲ ಕಳೆದರೆ ಕೈಯಲ್ಲಿ ಉಳಿಯೋದು 1,200. ವರ್ಷ ಮುಗಿದಾಗ ನೂರು ಜನರಲ್ಲಿ 70 ಜನ ಮತ್ತೆ ದುಡ್ಡು ಕಟ್ತಾರೆ, 30 ಜನ ಬಿಡ್ತಾರೆ. ವರ್ಷಕ್ಕೆ ನೂರಕ್ಕೆ 30 ಉದುರಿದರೆ, ಸರಾಸರಿ ಒಬ್ಬ ಗಿರಾಕಿ ನಿನ್ನ ಜೊತೆ ಇರೋದು ಮೂರು ವರ್ಷ ನಾಲ್ಕು ತಿಂಗಳು. ನೂರನ್ನ 30ರಿಂದ ಭಾಗಿಸು, ಅಷ್ಟೇ. ಅಂದರೆ ಒಬ್ಬನಿಂದ ಒಟ್ಟು 4,000 ರೂಪಾಯಿ ಲಾಭ. ನೀನು ಬರೆದಿದ್ದು 10,000. ಅದು ಅವನು ಕೊಡೋ ದುಡ್ಡು, ನಿನಗೆ ಉಳಿಯೋ ದುಡ್ಡಲ್ಲ. ಆ 4,000 ಕೂಡ ಎರಡೇ ವರ್ಷದ ಅನುಭವದ ಮೇಲೆ ಹಾಕಿದ ಅಂದಾಜು, ಹಾಗಾಗಿ ಅದನ್ನ ಪೂರ್ತಿ ನಂಬಿ ಖರ್ಚು ಮಾಡಬೇಡ.

ಈಗ ಆ ಕಡೆ ಲೆಕ್ಕ. ಹೋದ ತಿಂಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ 12,000, ಪೇಪರ್ ಒಳಗಿಟ್ಟು ಹಂಚಿಸಿದ ಕರಪತ್ರಕ್ಕೆ 4,000. ಅಲ್ಲಿಗೇ ನಿಲ್ಲಿಸಿ, 20 ಹೊಸ ಗಿರಾಕಿ ಬಂದರು, ತಲೆಗೆ 800 ಬಿತ್ತು ಅಂತ ಹಿಗ್ಗಿದೀಯ. ಜಾಹೀರಾತು ನೋಡಿ ಬರೋ ಕರೆ ಎತ್ತೋಕೆ ಇಟ್ಟ ಹುಡುಗಿಯ ಸಂಬಳದಲ್ಲಿ 5,000, ಹೊಸಬರಿಗೆ ಬಿಟ್ಟ ರಿಯಾಯಿತಿ 3,000, ಇವೆಲ್ಲಿ ಹೋದವು? ಒಟ್ಟು 24,000 ಆಯ್ತು. ಇನ್ನು ಆ 20ರಲ್ಲಿ ಎಂಟು ಜನ ಪಕ್ಕದ ಮನೆಯವರು ಹೇಳಿದ್ದಕ್ಕೆ ಬಂದವರು. ಅವರು ಜಾಹೀರಾತು ಇಲ್ಲದಿದ್ದರೂ ಬರ್ತಿದ್ದರು. ಉಳಿದ 12 ಜನಕ್ಕೆ ಹಂಚಿದರೆ ತಲೆಗೆ 2,000. "ನಮ್ಮ ವಿಷಯ ಯಾರು ಹೇಳಿದ್ರು ಸಾರ್?" ಅಂತ ಆ ಹುಡುಗಿ ಮೊದಲ ಕರೆಯಲ್ಲೇ ಕೇಳಿ ಬರೆದಿಡದಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ, ಅವಳನ್ನ ಬಿಡಬೇಡ.

2,000 ಹಾಕಿದರೆ 4,000 ಬರುತ್ತಲ್ಲ, ಅಡ್ಡಿಯೇನು ಅಂತೀಯ. ಹಾಕಿದ್ದರ ಮೂರು ಪಟ್ಟಾದರೂ ಬರಬೇಕು ಅನ್ನೋದು ವ್ಯಾಪಾರದಲ್ಲಿ ರೂಢಿ. ಅಂಗಡಿ ಬಾಡಿಗೆ, ಕರೆಂಟು, ನಿನ್ನ ಸಂಬಳ ಈ 4,000ದಲ್ಲೇ ಹೊರಡಬೇಕು. ಅಲ್ಲದೆ ಇವತ್ತು ಹಾಕಿದ 2,000 ವಾಪಸ್ ಬರೋದು ಯಾವಾಗ? ಮೊದಲ ವರ್ಷ 1,200. ಎರಡನೇ ವರ್ಷಕ್ಕೆ 70 ಜನ ಮಾತ್ರ ಉಳೀತಾರೆ, ಹಾಗಾಗಿ ತಲೆಗೆ 840. ಎರಡು ವರ್ಷ ಕಳೆದಾಗ ಅಸಲು ಕೈಸೇರುತ್ತೆ. ಅಲ್ಲೀವರೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಉದ್ದರಿ ಕೊಡ್ತಾನಾ?

ಇನ್ನೊಂದು ಕಣ್ಣಿಗೆ ಬೀಳದ ವಿಷಯ ಇದೆ. ಹೋದ ತಿಂಗಳಿನ ಹಿಂದಿನ ತಿಂಗಳು ಇದೇ ಬಾಬ್ತುಗಳಿಗೆ ಒಟ್ಟು 16,000 ಖರ್ಚಾಗಿ, ಜಾಹೀರಾತಿನಿಂದ ಹತ್ತು ಜನ ಬಂದಿದ್ದರು, ತಲೆಗೆ 1,600. ಹೋದ ತಿಂಗಳು 8,000 ಹೆಚ್ಚು ಸುರಿದೆ, ಸಿಕ್ಕಿದ್ದು ಇಬ್ಬರೇ ಹೆಚ್ಚು. ಆ ಇಬ್ಬರಿಗೆ ತಲೆಗೆ 4,000 ಬಿತ್ತು, ಅವರು ಕೊಡೋ ಲಾಭವೂ ಅಷ್ಟೇ. ಸರಾಸರಿ 2,000 ಅಂತ ನೋಡ್ತಾ ಕೂತರೆ ಇದು ಕಾಣೋದೇ ಇಲ್ಲ. ಒಂದೇ ತಿಂಗಳಿನದು ಬರೀ ಆಕಸ್ಮಿಕವೂ ಇರಬಹುದು, ಅದಕ್ಕೆ ಮೂರು ತಿಂಗಳ ಅಂಕಿ ಒಟ್ಟಿಗೆ ಹಾಕಿ ನೋಡು. ಆದರೂ ಸದ್ಯಕ್ಕೆ 16,000ಕ್ಕೆ ಇಳಿಸು.

ಉಳಿಯೋ ದುಡ್ಡಲ್ಲಿ ಸ್ವಲ್ಪ, ಕಾಂಟ್ರಾಕ್ಟ್ ಮುಗಿಯೋಕೆ ಹದಿನೈದು ದಿನ ಮೊದಲು ಹುಡುಗನನ್ನ ಕಳಿಸಿ ನೀರಿನ ಟಿಡಿಎಸ್ ನೋಡಿಸೋಕೆ ಹಾಕು. 70 ಜನದ ಬದಲು 80 ಜನ ಮತ್ತೆ ಕಟ್ಟಿದರೆ ಒಬ್ಬ ಗಿರಾಕಿ ಐದು ವರ್ಷ ಇರ್ತಾನೆ, 4,000 ಹೋಗಿ 6,000 ಆಗುತ್ತೆ. ಆಮೇಲೆ ತಲೆಗೆ 2,000 ಖರ್ಚಾದರೂ ಮೂರು ಪಟ್ಟು ಬಂದ ಹಾಗಾಯ್ತು. ಬೇಕಾದರೆ ಆಗ ಜಾಹೀರಾತು ಹೆಚ್ಚಿಸೋಣ.

ಹೆಚ್ಚಿಸಿದರೂ ಬೋರ್‌ವೆಲ್ ನೀರು ಬರೋ ಬಡಾವಣೆಗೆ ಮಾತ್ರ ಕರಪತ್ರ ಹಂಚಬೇಡ. ಅಲ್ಲಿನ ಗಡಸು ನೀರಿಗೆ ವರ್ಷಕ್ಕೊಂದು ಮೆಂಬ್ರೇನ್ ಹೋಗುತ್ತೆ, ನಿನ್ನ 1,200 ಅದಕ್ಕೇ ಸರಿಹೋಗುತ್ತೆ. ಮೊದಲು ಅಲ್ಲಿಯವರಿಗೆ ಬೇರೆ ರೇಟು ಮಾಡು.