ಅಡ್ಡಗೆರೆ, ಉದ್ದಗೆರೆ: ನಾಟಿ ಕೈಯ ಉಗುರು ಹೇಳುವುದೇನು

ಉಗುರಿನ ಮೇಲಿನ ಗೆರೆಗಳಲ್ಲಿ ಮೊದಲು ಗಮನಿಸಬೇಕಾದದ್ದು ಅವುಗಳ ದಿಕ್ಕು. ಉಗುರು ಹುಟ್ಟುವುದು ಬುಡದ ಚರ್ಮದ ಅಡಿಯಲ್ಲಿರುವ ಮ್ಯಾಟ್ರಿಕ್ಸ್ ಎಂಬ ಜೀವಂತ ಪದರದಲ್ಲಿ. ಅಲ್ಲಿಂದ ಹೊರಬರುವ ಗಟ್ಟಿ ಭಾಗ ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಹಾಳೆಯಾಗಿದ್ದು, ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ತುದಿಯತ್ತ ಸರಿಯುತ್ತದೆ. ವಯಸ್ಸಾದಂತೆ ಮ್ಯಾಟ್ರಿಕ್ಸ್ ಅಲ್ಲಲ್ಲಿ ಸವೆಯುವುದರಿಂದ ಬುಡದಿಂದ ತುದಿಯವರೆಗೆ ಉದ್ದಗೆರೆಗಳು ಮೂಡುತ್ತವೆ. ನಲವತ್ತು ದಾಟಿದವರಲ್ಲಿ ಇವು ಸಾಮಾನ್ಯ, ಬಹುಮಟ್ಟಿಗೆ ಯಾವ ರೋಗದ ಗುರುತೂ ಅಲ್ಲ. ಅಡ್ಡಗೆರೆಯ ವಿಷಯ ಹಾಗಲ್ಲ, ಅದು ಒಂದು ನಿರ್ದಿಷ್ಟ ಕಾಲದಲ್ಲಿ ಬುಡದ ಕೆಲಸಕ್ಕೆ ಬಿದ್ದ ತಡೆಯನ್ನು ತೋರಿಸುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ತಾಲ್ಲೂಕಿನಲ್ಲಿ ನಾಟಿಗೆ ಇಳಿಯುವ ಕೂಲಿ ಹೆಣ್ಣುಮಗಳೊಬ್ಬಳ ಕೈಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೆಸರು ನೀರಿನಲ್ಲಿ ದಿನವಿಡೀ ಸಸಿ ಹಚ್ಚುವಾಗ ಉಗುರು ನೀರು ಹೀರಿ ಉಬ್ಬುತ್ತದೆ, ಸಂಜೆ ಒಣಗಿ ಕುಗ್ಗುತ್ತದೆ. ಈ ಏರಿಳಿತ ವಾರಗಟ್ಟಲೆ ಮುಂದುವರಿದಾಗ ಹಾಳೆಯ ಪದರಗಳ ನಡುವಿನ ಅಂಟು ಸಡಿಲಗೊಂಡು ತುದಿಯಲ್ಲಿ ಉಗುರು ಪದರಪದರವಾಗಿ ಸೀಳುತ್ತದೆ. ರಾತ್ರಿ ಮತ್ತೆ ಪಾತ್ರೆ ತೊಳೆಯುವ ಪುಡಿಯಲ್ಲಿ ಕೈ ಅದ್ದುವುದರಿಂದ ಉಳಿದ ಜಿಡ್ಡೂ ಹೋಗುತ್ತದೆ. ಇಂಥ ಸೀಳಿಗೆ ಔಷಧಿ ಅಂಗಡಿಯ ಕ್ಯಾಲ್ಸಿಯಂ ಗುಳಿಗೆ ಕೇಳುವುದು ರೂಢಿಯಾದರೂ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಉಗುರಿನ ಗಟ್ಟಿತನ ಕೆರಾಟಿನ್ನಿನದೇ ಹೊರತು ಕ್ಯಾಲ್ಸಿಯಂನದಲ್ಲ. ಕೆಲಸ ಮುಗಿದ ಕೂಡಲೇ ಕೈ ಒರೆಸಿ ಉಗುರಿಗೂ ಬುಡಕ್ಕೂ ಕೊಬ್ಬರಿ ಎಣ್ಣೆ ಇಲ್ಲವೇ ವ್ಯಾಸಲೀನ್ ಹಚ್ಚಿ, ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ ಸೀಳು ಮುಂದುವರಿಯುವುದು ನಿಲ್ಲುತ್ತದೆ; ಆದರೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕಾಗುವುದರಿಂದ ಒಂದೆರಡು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದು ಸರಿಯಲ್ಲ.

ಅದೇ ಕೈಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಇದ್ದರೆ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಪೆಟ್ಟು ಬಿದ್ದ ವಾರಗಳ ನಂತರ ಚುಕ್ಕೆ ಕಾಣಿಸುವುದರಿಂದ ಕಾರಣ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದಲೇ ಪಾಪ ಕ್ಯಾಲ್ಸಿಯಂ ಮೇಲೆ ದೂರು ಬರುತ್ತದೆ.

ಈಗ ಅಕ್ಟೋಬರಿನಲ್ಲಿ ಅವಳ ಹತ್ತೂ ಬೆರಳುಗಳ ಉಗುರಿನಲ್ಲಿ ಬುಡದ ಚರ್ಮದಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿ, ಬೆರಳಾಡಿಸಿದರೆ ತಿಳಿಯುವಂಥ ಅಡ್ಡ ತಗ್ಗು ಕಂಡಿತೆಂದುಕೊಳ್ಳೋಣ. ತಿಂಗಳಿಗೆ 3 ಮಿಲಿಮೀಟರಿನ ಲೆಕ್ಕದಲ್ಲಿ ಅದು ಎರಡು ತಿಂಗಳ ಹಿಂದೆ ಚರ್ಮದ ಅಂಚು ದಾಟಿದೆ. ಚರ್ಮದಡಿ ಅಡಗಿದ್ದ ಕೆಲವು ವಾರಗಳನ್ನು ಸೇರಿಸಿದರೆ ಜುಲೈ ಸುಮಾರಿಗೆ ಬರುತ್ತದೆ. ಆಗ ಡೆಂಗಿ ಅಥವಾ ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದಿದ್ದರೆ ಕಾರಣ ಸಿಕ್ಕಂತೆಯೇ, ತಗ್ಗು ತಾನಾಗಿ ತುದಿಗೆ ಸರಿದು ಹೋಗುತ್ತದೆ. ಒಂದೇ ಬೆರಳಿನಲ್ಲಿದ್ದರೆ ಅದು ಆ ಬೆರಳಿನ ಪೆಟ್ಟು ಅಥವಾ ಉಗುರುಸುತ್ತಿನ ಫಲ. ಹತ್ತರಲ್ಲೂ ಇದ್ದು ಜ್ವರದ ನೆನಪೇ ಇಲ್ಲದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಅಡ್ಡ ಬಿಳಿ ಪಟ್ಟಿಯ ಬಗ್ಗೆ ಈ ಸೀಮೆಯಲ್ಲಿ ವಿಶೇಷ ಎಚ್ಚರ ಬೇಕಾಗುತ್ತದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಚಿನ್ನದ ಅದಿರಿನ ಜತೆ ಆರ್ಸೆನಿಕ್ ಇರುವ ಕಲ್ಲು ಸಿಗುವುದುಂಟು, ಮತ್ತು ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿ ಜನರ ಚರ್ಮರೋಗಕ್ಕೆ ಅದೇ ಕಾರಣವೆಂದು ತಿಳಿದುಬಂದಿತ್ತು. ಒಮ್ಮೆಗೆ ಹೆಚ್ಚು ಆರ್ಸೆನಿಕ್ ದೇಹ ಸೇರಿದಾಗ ಉಗುರಿನಲ್ಲಿ ಅಂಚಿನಿಂದ ಅಂಚಿಗೆ ಬಿಳಿ ಪಟ್ಟಿ ಮೂಡಿ, ಉಗುರಿನೊಡನೆ ಮುಂದೆ ಸರಿಯುತ್ತದೆ. ಉಗುರನ್ನು ಒತ್ತಿದಾಗ ಪಟ್ಟಿ ಮಾಯವಾದರೆ ಅದು ಹಾಳೆಯಲ್ಲಿಲ್ಲ, ಕೆಳಗಿನ ಮಾಂಸದಲ್ಲಿದೆ. ಅದಕ್ಕೆ ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗುವುದು, ಅಂದರೆ ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಕಾರಣವಿರಬಹುದು. ಆದರೆ ಆರ್ಸೆನಿಕ್ ಇರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಉಗುರಿಗಿಂತ ಅಂಗೈ ಅಂಗಾಲಿನ ಚರ್ಮ ದಪ್ಪಗಾಗಿ ಗಂಟುಗಟ್ಟುವುದು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆ ಕಾಣುವುದು ಹೆಚ್ಚು ನಂಬಬಹುದಾದ ಲಕ್ಷಣ. ಅಂಥಲ್ಲಿ ಉಗುರು ನೋಡುತ್ತ ಕೂರುವ ಬದಲು ನೀರನ್ನೇ ಪರೀಕ್ಷೆಗೆ ಕೊಡಬೇಕು. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ, ಕುದಿಸಿದರೂ ಆರ್ಸೆನಿಕ್ ಹೋಗುವುದಿಲ್ಲ.

ಕೂಲಿ ಹೆಣ್ಣುಮಕ್ಕಳಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಹುಡುಕಬೇಕಾದದ್ದು ಉಗುರು ತೆಳ್ಳಗಾಗಿ ಒಂದು ಹನಿ ನೀರು ನಿಲ್ಲುವಷ್ಟು ಚಮಚದಂತೆ ಗುಳಿಬೀಳುವುದನ್ನು. ಇದು ಕಬ್ಬಿಣಾಂಶದ ಕೊರತೆಯ ಗುರುತಾಗಿರಬಹುದು. ಹಿಮೋಗ್ಲೋಬಿನ್ 12 ಗ್ರಾಂ ಇದ್ದ ಮಾತ್ರಕ್ಕೆ ಕೊರತೆ ಇಲ್ಲವೆನ್ನಲಾಗದು. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯೂ ಬೇಕು. ಇನ್ನು ಒಂದೇ ಬೆರಳಿನಲ್ಲಿ ಹೊಸದಾಗಿ ಕಂದು ಅಥವಾ ಕಪ್ಪು ಉದ್ದಗೆರೆ ಮೂಡಿ, ಅಗಲವಾಗುತ್ತ ಬುಡದ ಚರ್ಮಕ್ಕೂ ಹಬ್ಬಿದರೆ ಉಗುರಿನಡಿಯ ಕ್ಯಾನ್ಸರಿನ ಸಂಶಯವಿರುವುದರಿಂದ, ನಾಟಿ ಮುಗಿಯಲೆಂದು ಕಾಯದೆ ರಾಯಚೂರಿನ ರಿಮ್ಸ್‌ನಂಥ ಆಸ್ಪತ್ರೆಯ ಚರ್ಮವೈದ್ಯರಿಗೆ ತೋರಿಸಬೇಕು.