ಹಸಿ ಹಾಲು: ಕುದಿಸಿದರೆ ಹೋಗುವುದೇನು, ಉಳಿಯುವುದೇನು

ಹಸಿ ಹಾಲು ಕುಡಿಯಬಹುದೇ ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಕೇಳಿದರೆ ಅದರ ಹಿಂದೆ ಮಂಗನ ಕಾಯಿಲೆಯ ಭಯವೂ ಇರುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆ ಕಾಯಿಲೆ ಜೀವ ತೆಗೆದ ಮೇಲೆ ಕಾಡಿಗೆ ಮೇಯಲು ಹೋಗುವ ದನದ ಹಾಲಿನ ಮೇಲೆ ಅನುಮಾನ ಬರುವುದು ಸಹಜವೇ. ಆದರೆ ಮಂಗನ ಕಾಯಿಲೆ ಹಾಲಿನಿಂದ ಹರಡಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ದನ ಮೈಮೇಲೆ ಹೊತ್ತು ತರುವ ಉಣುಗಿನ ಬಗ್ಗೆ ಎಚ್ಚರ ಬೇಕು. ಹಸಿ ಹಾಲಿನ ವಿಷಯದಲ್ಲಿ ಹೆದರಬೇಕಾದದ್ದು ಕಂದು ಹಾಕುವ ರೋಗಕ್ಕೆ, ಅಂದರೆ ಬ್ರುಸೆಲ್ಲೋಸಿಸ್‌ಗೆ.

ಇದು ಮೋಸ ಮಾಡುವ ರೋಗ. ಚೆನ್ನಾಗಿ ಮೇಯುತ್ತಿದ್ದ ದನ ಏಳನೇ ತಿಂಗಳಲ್ಲೋ ಎಂಟರಲ್ಲೋ ಕಂದು ಹಾಕುತ್ತದೆ, ಕಸ ಬೀಳದೆ ಒಳಗೇ ನಿಲ್ಲುತ್ತದೆ. ದೃಷ್ಟಿಯಾಯಿತು, ಜಾರಿ ಬಿತ್ತು ಎಂದು ಮನೆಯವರು ಸುಮ್ಮನಾಗುತ್ತಾರೆ. ಮುಂದಿನ ಸಲ ಅದೇ ದನ ಸರಿಯಾಗಿ ಕರು ಹಾಕಿ, ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತದೆ. ಆ ಹಾಲಿನ ಬಣ್ಣ, ವಾಸನೆ, ರುಚಿ ಯಾವುದೂ ಬೇರೆಯಾಗಿರುವುದಿಲ್ಲ. ಆದರೆ ಕೆಚ್ಚಲಲ್ಲಿ ನೆಲೆಯಾದ ರೋಗಾಣು ವರ್ಷಗಟ್ಟಲೆ ಹಾಲಿನಲ್ಲಿ ಇಳಿಯುತ್ತಿರಬಹುದು. ಕರೆದ ನೊರೆಹಾಲನ್ನು ಹಾಗೇ ಕುಡಿದವರಿಗೆ, ಹಸಿ ಹಾಲಿನಲ್ಲಿ ಅರೆದ ನಾಟಿ ಮದ್ದು ತೆಗೆದುಕೊಂಡವರಿಗೆ ಅದು ದಾಟುತ್ತದೆ. ಪಂಚಾಮೃತವೂ ಹಸಿ ಹಾಲಿನದ್ದೇ ಆಗಿರುತ್ತದೆ. ಅಭಿಷೇಕಕ್ಕೆ ಹಸಿ ಹಾಲೇ ಇರಲಿ, ಕುಡಿಯುವ ತೀರ್ಥಕ್ಕೆ ಕಾಯಿಸಿ ಆರಿಸಿದ ಹಾಲು ಬಳಸಿದರೆ ಯಾವ ದೇವರೂ ಮುನಿಯಲಾರ. ಹಸಿ ಹಾಲಿಗೆ ಹೆಪ್ಪು ಹಾಕಿದ ಮೊಸರನ್ನೂ ನಂಬುವಂತಿಲ್ಲ, ಮೊಸರಿನ ಹುಳಿ ಈ ರೋಗಾಣುವನ್ನು ಕೂಡಲೇ ಕೊಲ್ಲುವುದಿಲ್ಲ.

ಶಾಖಕ್ಕೆ ಮಾತ್ರ ಇದು ಬೇಗ ಸಾಯುತ್ತದೆ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಬ್ರುಸೆಲ್ಲಾ, ದನದ ಕ್ಷಯ, ಟೈಫಾಯಿಡ್ ಬಳಗದ ರೋಗಾಣುಗಳು ಅಷ್ಟಕ್ಕೇ ಮುಗಿಯುತ್ತವೆ. ಮನೆಯಲ್ಲಿ ಕುದಿಸಿದರೆ ಅದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಆದರೆ ನೊರೆ ಎದ್ದ ತಕ್ಷಣ ಒಲೆಯಿಂದ ಇಳಿಸಬೇಡಿ. ಕೆನೆಯ ಪದರದ ಕೆಳಗೆ ಆವಿ ಸಿಕ್ಕಿಕೊಂಡು ಹಾಲು ಉಕ್ಕುತ್ತದೆ, ಆಗ ಪಾತ್ರೆಯ ಹಾಲೆಲ್ಲ ಒಂದೇ ಸಮನೆ ಕಾದಿರುವುದಿಲ್ಲ. ಉರಿ ತಗ್ಗಿಸಿ, ಸೌಟಿನಿಂದ ತಿರುವುತ್ತ ಎರಡು ಮೂರು ನಿಮಿಷ ಕುದಿಸಿದರೆ ಸಾಕು. ಸುಣ್ಣದ ಅಂಶ, ಪ್ರೋಟೀನು, ಜಿಡ್ಡು ಎಲ್ಲೂ ಹೋಗುವುದಿಲ್ಲ. ಕೆಲವು ಬಿ ವಿಟಮಿನ್‌ಗಳು ಸ್ವಲ್ಪ ಕಡಿಮೆಯಾಗುತ್ತವೆ. ಹಾಲಿನಲ್ಲಿ ಸಿ ವಿಟಮಿನ್ ಮೊದಲೇ ಕಡಿಮೆ, ಅದರ ಚಿಂತೆ ಬೇಡ.

ಕುದಿಸಿದರೂ ಹೋಗದ ಸಂಗತಿಗಳಿವೆ. ಕೆಚ್ಚಲು ಬಾವು ಬಂದ ದನದ ಹಾಲನ್ನು ಕಾಯಿಸದೆ ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅದರೊಳಗಿನ ಒಂದು ಜಾತಿಯ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ. ಆಮೇಲೆ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ, ಕುಡಿದವರಿಗೆ ಕೆಲವೇ ಗಂಟೆಯಲ್ಲಿ ವಾಂತಿ ಹಿಡಿಯುತ್ತದೆ. ಆದ್ದರಿಂದ ಕರೆದ ಕೂಡಲೇ ಕಾಯಿಸಬೇಕು. ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಅಂಶವೂ ಕುದಿತಕ್ಕೆ ಪೂರ್ತಿ ಹೋಗುವುದಿಲ್ಲ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದ ಹಿಂಡಿಯದ್ದೂ ಇದೇ ಕಥೆ. ಅದರಲ್ಲಿರುವ ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ, ಕುದಿಸಿದರೆ ಹೋಗುವುದಿಲ್ಲ. ಅಂಥ ಹಿಂಡಿಯನ್ನು ಗೊಬ್ಬರಗುಂಡಿಗೆ ಎಸೆಯುವುದೇ ಸರಿ.

ಹಾಲಿನಲ್ಲಿ ಕಂದು ರೋಗ ಇದೆಯೋ ಎಂದು ನೋಡಲು ಉಂಗುರ ಪರೀಕ್ಷೆ ಎಂಬುದಿದೆ. ಒಂದು ಮಿಲಿಲೀಟರ್ ಹಸಿ ಹಾಲಿಗೆ ನೀಲಿ ಬಣ್ಣದ ಪರೀಕ್ಷಾ ದ್ರವ ಒಂದು ಹನಿ ಹಾಕಿ ಸುಮಾರು ಒಂದು ಗಂಟೆ ಬೆಚ್ಚಗಿಡುತ್ತಾರೆ. ಮೇಲೆ ಬಂದ ಕೆನೆಯಲ್ಲಿ ನೀಲಿ ಉಂಗುರ ಕಟ್ಟಿದರೆ ಅನುಮಾನ ಗಟ್ಟಿ. ಆದರೆ ಗಿಣ್ಣು ಹಾಲು, ಬತ್ತುವ ಕಾಲದ ಹಾಲು, ಕೆಚ್ಚಲು ಬಾವಿನ ಹಾಲು ಸುಮ್ಮನೆ ಉಂಗುರ ತೋರಿಸುವುದುಂಟು. ಹಾಗಾಗಿ ರಕ್ತ ಪರೀಕ್ಷೆಯಾಗದೆ ದನವನ್ನು ದೂರಬೇಡಿ. ತಡೆಗೆ ಲಸಿಕೆ ಇದೆ: ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಇದು ಉಚಿತ. ಗಬ್ಬದ ದನಕ್ಕೆ, ಹೋರಿಗರುವಿಗೆ ಹಾಕುವುದಿಲ್ಲ.

ಹಾಲು ಕುದಿಸಿಯೇ ಕುಡಿಯುವ ಮನೆಗೂ ಈ ರೋಗ ಬರುವ ಇನ್ನೊಂದು ದಾರಿ ಇದೆ. ನಿಂತ ಕಸವನ್ನು ಬರಿಗೈಯಲ್ಲಿ ಎಳೆದರೆ, ಬಿದ್ದ ಕಂದನ್ನು ಬರಿಗೈಯಲ್ಲಿ ಎತ್ತಿದರೆ ಕೈಯ ಗಾಯದ ಮೂಲಕವೇ ಒಳಸೇರುತ್ತದೆ. ಕೈಗವಸು ಹಾಕಿಕೊಂಡು ಎತ್ತಿ, ನಾಯಿ ತೋಡದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮುಂದೆ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು ವಾರಗಟ್ಟಲೆ ಕಾಡಿದರೆ ವೈದ್ಯರ ಹತ್ತಿರ ಕೊಟ್ಟಿಗೆಯಲ್ಲಿ ದನ ಕಂದು ಹಾಕಿದ್ದನ್ನೂ ಹೇಳಿ. ಅದು ಗೊತ್ತಾದರೆ ಅವರು ಯಾವ ರಕ್ತ ಪರೀಕ್ಷೆ ಬರೆಯಬೇಕೆಂದು ನಿರ್ಧರಿಸುತ್ತಾರೆ. ಬ್ರುಸೆಲ್ಲೋಸಿಸ್ ಎಂದಾದರೆ ಚಿಕಿತ್ಸೆ ಸಾಮಾನ್ಯವಾಗಿ ಆರು ವಾರ ನಡೆಯುತ್ತದೆ, ಜ್ವರ ಬಿಟ್ಟಿತೆಂದು ಮಾತ್ರೆ ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ.